ಪಯಸ್ವಿನಿಯ ಮಳೆಗೆ ಒಂದೇ ಅಂಕಿ: ಥೀಸನ್ ಬಹುಭುಜಗಳ ಲೆಕ್ಕ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಚಂದ್ರಗಿರಿಯಾಗಿ ಕಾಸರಗೋಡಿನ ಬಳಿ ಕಡಲು ಸೇರುವ ಪಯಸ್ವಿನಿಗೆ ನಿನ್ನೆ ಎಷ್ಟು ಮಳೆ ನೀರು ದಕ್ಕಿತು ಎಂದು ಕೇಳಿದರೆ, ಯಾವುದೋ ಒಂದು ಊರಿನ ಮಳೆಮಾಪಕವನ್ನು ನೋಡಿ ಉತ್ತರಿಸಲಾಗದು. ಕರಾವಳಿಯಲ್ಲಿ ಸಾಧಾರಣ ಮಳೆಯಾದ ದಿನವೇ ಘಟ್ಟದ ಮೇಲೆ ಅದರ ಮೂರು ನಾಲ್ಕು ಪಟ್ಟು ಸುರಿದಿರಬಹುದು. ಎಲ್ಲ ಮಾಪಕಗಳ ಅಂಕಿಗಳನ್ನು ಕೂಡಿಸಿ ಸರಾಸರಿ ತೆಗೆದರೂ ತೊಡಕು ಬಗೆಹರಿಯುವುದಿಲ್ಲ. ಜನವಸತಿ ಹೆಚ್ಚಿರುವಲ್ಲಿ ಮಾಪಕಗಳು ಒತ್ತೊತ್ತಾಗಿರುತ್ತವೆ, ಕಾಡಿನಲ್ಲಿ ವಿರಳವಾಗಿರುತ್ತವೆ. ಹೀಗಾಗಿ ಸರಾಸರಿಯು ತಗ್ಗಿನ ಊರುಗಳ ಕಡೆಗೇ ವಾಲುತ್ತದೆ.

ಅಮೆರಿಕದ ಹವಾಮಾನ ತಜ್ಞ ಆಲ್‌ಫ್ರೆಡ್ ಥೀಸನ್ 1911ರಲ್ಲಿ ಇದಕ್ಕೊಂದು ಸರಳ ಉಪಾಯವನ್ನು ಪ್ರಕಟಿಸಿದರು. ಜಲಾನಯನ ಪ್ರದೇಶದ ಪ್ರತಿಯೊಂದು ಜಾಗಕ್ಕೂ ಅದಕ್ಕೆ ಅತಿ ಹತ್ತಿರದ ಮಾಪಕದ ಮಳೆಯನ್ನೇ ಕೊಡಬೇಕು ಎಂಬುದು ಅದರ ತಿರುಳು. ನಕ್ಷೆಯಲ್ಲಿ ನೆರೆಹೊರೆಯ ಮಾಪಕಗಳನ್ನು ಗೆರೆ ಎಳೆದು ತ್ರಿಕೋನಗಳಾಗಿ ಜೋಡಿಸಿ, ಪ್ರತಿ ಗೆರೆಯ ನಡುಬಿಂದುವಿನಲ್ಲಿ ಲಂಬವಾಗಿ ಇನ್ನೊಂದು ಗೆರೆ ಎಳೆಯಬೇಕು. ಈ ಲಂಬರೇಖೆಗಳು ಸಂಧಿಸಿ ಪ್ರತಿ ಮಾಪಕದ ಸುತ್ತಲೂ ಒಂದೊಂದು ಬಹುಭುಜವನ್ನು ಕಟ್ಟುತ್ತವೆ. ಜಲಾನಯನದ ಗಡಿಯಾಚೆ ಉಳಿದ ಭಾಗವನ್ನು ಕತ್ತರಿಸಿ, ಒಳಗಿನ ವಿಸ್ತೀರ್ಣವನ್ನು ಅಳೆದರೆ ಅದೇ ಆ ಮಾಪಕದ ತೂಕ. ಮಾಪಕವು ಗಡಿಯ ಹೊರಗಿದ್ದರೂ ಚಿಂತೆಯಿಲ್ಲ, ಅದರ ಬಹುಭುಜದ ಒಂದು ತುಂಡು ಒಳಗೆ ಬಿದ್ದರೆ ಸಾಕು.

P = Σ(Aᵢ × Pᵢ) / ΣAᵢ

ಇಲ್ಲಿ Pᵢ ಎಂದರೆ ಒಂದೊಂದು ಮಾಪಕದ ಮಳೆ, Aᵢ ಅದರ ಪಾಲಿನ ವಿಸ್ತೀರ್ಣ, Σ ಎಂದರೆ ಎಲ್ಲ ಮಾಪಕಗಳ ಮೊತ್ತ, P ಇಡೀ ಜಲಾನಯನದ ಸರಾಸರಿ ಮಳೆ.

ಪಯಸ್ವಿನಿಯನ್ನು ಹೋಲುವ, 800 ಚದರ ಕಿಲೋಮೀಟರಿನ ಒಂದು ಜಲಾನಯನವನ್ನು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ಕಡಲ ಬದಿಯ ಎರಡು ಮಾಪಕಗಳಿಗೆ ತಲಾ 40 ಚ.ಕಿ.ಮೀ. ದಕ್ಕಿದೆ, ಮಳೆ 47 ಮತ್ತು 53 ಮಿ.ಮೀ. ಒಳನಾಡಿನ ಮಾಪಕಕ್ಕೆ 220 ಚ.ಕಿ.ಮೀ., ಮಳೆ 70. ಘಟ್ಟದ ತಪ್ಪಲಿನದಕ್ಕೆ 340 ಚ.ಕಿ.ಮೀ., ಮಳೆ 110. ಬೆಟ್ಟದ ಮೇಲಿನದಕ್ಕೆ 160 ಚ.ಕಿ.ಮೀ., ಮಳೆ 190. ಸಾಮಾನ್ಯ ಸರಾಸರಿ 94 ಮಿ.ಮೀ. ಆಗುತ್ತದೆ. ವಿಸ್ತೀರ್ಣದಿಂದ ಗುಣಿಸಿ ಕೂಡಿಸಿದರೆ 87,200. ಅದನ್ನು 800ರಿಂದ ಭಾಗಿಸಿದರೆ 109 ಮಿ.ಮೀ. ವ್ಯತ್ಯಾಸ ಬರೀ 15 ಮಿ.ಮೀ. ಎಂದು ತೋರಬಹುದು, ಆದರೆ ಒಂದು ಚದರ ಕಿಲೋಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆಯೆಂದರೆ ಸಾವಿರ ಘನಮೀಟರ್ ನೀರು. ಆ ಲೆಕ್ಕದಲ್ಲಿ ಇದು 1.2 ಕೋಟಿ ಘನಮೀಟರ್.

ಇದೆಲ್ಲವನ್ನೂ ಈಗ QGISನಂಥ ತಂತ್ರಾಂಶ ಕ್ಷಣದಲ್ಲಿ ಮಾಡಿಕೊಡುತ್ತದೆ. ಅಲ್ಲಿ ಆಗುವ ಎಡವಟ್ಟೆಂದರೆ, ಬಹುಭುಜಗಳು ಮಾಪಕಗಳು ಹರಡಿರುವ ಚೌಕಟ್ಟಿನಷ್ಟಕ್ಕೇ ನಿಂತು, ಜಲಾನಯನದ ಅಂಚು ಯಾರ ಪಾಲಿಗೂ ಸೇರದೆ ಉಳಿಯುವುದು. ತುಂಡುಗಳ ವಿಸ್ತೀರ್ಣದ ಮೊತ್ತ 800 ಆಗದಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ. Buffer region ಎಂಬಲ್ಲಿನ ಶೇಕಡಾವನ್ನು ಹೆಚ್ಚಿಸಿದರೆ ಸರಿಹೋಗುತ್ತದೆ.

ಹೆಚ್ಚು ಅಪಾಯ ಇರುವುದು ಮಾಪಕವೊಂದು ಮೌನವಾದ ದಿನ. ಜೋರು ಮಳೆಗೆ ರಸ್ತೆ ಕಡಿದೋ, ಉಪಕರಣ ಕೆಟ್ಟೋ ಬೆಟ್ಟದ ವರದಿ ಬಾರಲಿಲ್ಲವೆನ್ನಿ. ಬಾರದ ಅಂಕಿಯ ಜಾಗದಲ್ಲಿ ಸೊನ್ನೆ ಕುಳಿತರೆ ಸರಾಸರಿ 71ಕ್ಕೆ ಕುಸಿಯುತ್ತದೆ, ಇದು ಶುದ್ಧ ತಪ್ಪು. ಆ ಮಾಪಕವನ್ನು ಬಿಟ್ಟು ಬಹುಭುಜಗಳನ್ನು ಹೊಸದಾಗಿ ಎಳೆಯುವುದೇ ಕ್ರಮ. ಹಾಗೆ ಎಳೆದಾಗ ಬೆಟ್ಟದ 160 ಚ.ಕಿ.ಮೀ. ತಪ್ಪಲಿನ ಮಾಪಕದ ಪಾಲಾಯಿತೆಂದರೆ ಉತ್ತರ 93 ಮಿ.ಮೀ. ಬರುತ್ತದೆ. ಕ್ರಮ ತಪ್ಪಲಿಲ್ಲ, ಆಕಾಶದಿಂದ ಬಿದ್ದ ಮಳೆಯೂ ಬದಲಾಗಲಿಲ್ಲ, ಆದರೂ 16 ಮಿ.ಮೀ. ಕಾಣೆಯಾಯಿತು. ಒಂದೊಂದೇ ಮಾಪಕವನ್ನು ಹೀಗೆ ಬೇಕೆಂದೇ ಬಿಟ್ಟು ಲೆಕ್ಕ ಹಾಕಿದರೆ ಇಡೀ ಉತ್ತರ ಯಾವುದರ ಮೇಲೆ ನಿಂತಿದೆ ಎಂಬುದು ತಿಳಿಯುತ್ತದೆ. ಹೊಸ ಮಾಪಕವನ್ನು ಎಲ್ಲಿಡಬೇಕೆಂದು ಕೇಳುವವರಿಗೆ ನಾನು ಮೊದಲು ಈ ಪರೀಕ್ಷೆಯನ್ನೇ ಸೂಚಿಸುವೆ.

ಈ ವಿಧಾನಕ್ಕೆ ದೂರವಷ್ಟೇ ಗೊತ್ತು, ಎತ್ತರ ಗೊತ್ತಿಲ್ಲ. ಪಶ್ಚಿಮದಿಂದ ಬರುವ ಮುಂಗಾರು ಗಾಳಿ ಘಟ್ಟವನ್ನೇರುತ್ತ ತಣಿದು ಮಳೆ ಸುರಿಸುತ್ತದೆ, ಶಿಖರ ದಾಟಿದ ಮೇಲೆ ಬೇಗನೆ ಬಡವಾಗುತ್ತದೆ. ಶಿಖರದ ಪೂರ್ವ ಬದಿಯ ಮಾಪಕವೊಂದು ಅತಿ ಹತ್ತಿರದ್ದೆಂಬ ಒಂದೇ ಕಾರಣಕ್ಕೆ ಪಶ್ಚಿಮದ ಇಳಿಜಾರಿಗೆ ತನ್ನ ಕಡಿಮೆ ಮಳೆಯನ್ನು ಹಂಚಿಬಿಡಬಹುದು. ಬಹುಭುಜದ ಗಡಿಯಲ್ಲಿ ಮಳೆ 110ರಿಂದ 190ಕ್ಕೆ ಒಮ್ಮೆಲೇ ಜಿಗಿಯುವುದೂ ಪ್ರಕೃತಿಯಲ್ಲಿ ಇಲ್ಲದ ಸಂಗತಿ. ಆದ್ದರಿಂದ ಬೆಟ್ಟಸೀಮೆಯಲ್ಲಿ ಭೂಮಿಯ ಏರಿಳಿತವನ್ನು ನೋಡಿಕೊಂಡು ಸಮಾನ ಮಳೆಯ ರೇಖೆಗಳನ್ನು ಎಳೆಯುವ ವಿಧಾನವೇ ಮೇಲು, ಆದರೆ ಅದಕ್ಕೆ ಪ್ರತಿ ಮಳೆಗೂ ಬಲ್ಲವರ ಕೈಯಲ್ಲಿ ಹೊಸ ನಕ್ಷೆಯಾಗಬೇಕು. ಥೀಸನ್ ತೂಕಗಳಾದರೋ ಮಾಪಕಗಳು ಬದಲಾಗುವ ತನಕ ಹಾಗೆಯೇ ಇರುತ್ತವೆ.

ಬೆಟ್ಟದ ಮಳೆ ಲೆಕ್ಕದಿಂದ ತಪ್ಪಿಹೋಗಿದೆಯೇ ಎಂಬುದಕ್ಕೆ ಕೊನೆಗೆ ಹೊಳೆಯೇ ಸಾಕ್ಷಿ. ಇಡೀ ಮಳೆಗಾಲದ ಸರಾಸರಿ ಮಳೆಯನ್ನು ವಿಸ್ತೀರ್ಣದಿಂದ ಗುಣಿಸಿ, ಅದೇ ಅವಧಿಯಲ್ಲಿ ಕೆಳಗಿನ ಅಳತೆಯ ಜಾಗದಲ್ಲಿ ಹರಿದ ನೀರಿನೊಡನೆ ಹೋಲಿಸಬೇಕು. ಇಂಗಿದ್ದೂ ಆವಿಯಾದದ್ದೂ ಕಳೆದು, ಹರಿದ ನೀರು ಬಿದ್ದ ಮಳೆಗಿಂತ ಗಣನೀಯವಾಗಿ ಕಡಿಮೆಯಿರಬೇಕು. ಎರಡೂ ಸರಿಸಮ ಬಂದರೆ, ಅಥವಾ ಹರಿದದ್ದೇ ಹೆಚ್ಚೆಂದು ಬಂದರೆ, ಹರಿವಿನ ಅಳತೆಯನ್ನು ಇನ್ನೊಮ್ಮೆ ಪರಿಶೀಲಿಸಿ, ಅದು ಸರಿಯೆಂದಾದರೆ ಘಟ್ಟದ ಮೇಲಿನ ಬಹುಭುಜವನ್ನು ಸಂಶಯಿಸಬೇಕು.