ಪಂಪಿನ ತಗಡಿನಲ್ಲಿ ವ್ಯಾಟ್ ಎರಡು ಸಲ

ಬದಿಯಡ್ಕದ ಹತ್ತಿರ ನಮ್ಮ ಕಂಗಿನ ತೋಟದ ಪಂಪ್‌ಶೆಡ್ಡು. ಮೋಟಾರಿಗೆ ಹೊಡೆದ ತಗಡಿನ ಧೂಳು ಒರೆಸಿ ಅಣ್ಣನ ಮಗಳು ಕೇಳಿದಳು: "ಚಿಕ್ಕಪ್ಪ, 5 ಎಚ್‌ಪಿ ಅಂತಲೂ ಇದೆ, 3.7 ಕಿಲೋವ್ಯಾಟ್ ಅಂತಲೂ ಇದೆ. ಯಾವುದು ಸರಿ?"

ಎರಡೂ ಸರಿ. ಎರಡರ ಹಿಂದೆಯೂ ಒಬ್ಬನೇ ಮನುಷ್ಯ. ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವುದು ಒಂದು ಕುದುರೆಯ ಕೆಲಸ ಎಂದು ಲೆಕ್ಕ ಹಾಕಿದವನು ಜೇಮ್ಸ್ ವ್ಯಾಟ್. ಅದು ಇಂದಿನ 746 ವ್ಯಾಟ್. ಐದರಿಂದ ಗುಣಿಸಿದರೆ 3,730. ಆದರೆ ತನ್ನ ಹೆಸರಿನಲ್ಲೊಂದು ಅಳತೆ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವನು ತೀರಿಕೊಂಡದ್ದು 1819ರಲ್ಲಿ.

ಹೆಸರಿಡುವ ಚಾಳಿ ಶುರುವಾದದ್ದು ಟೆಲಿಗ್ರಾಫ್‌ನವರಿಂದ. ತಂತಿಯ ರೋಧವನ್ನು ಒಬ್ಬ "ಇಂಥ ತಂತಿ ಇಷ್ಟು ಮೈಲಿ" ಎನ್ನುತ್ತಿದ್ದ. ಜರ್ಮನಿಯ ಸೀಮೆನ್ಸ್ ಒಂದು ಮೀಟರ್ ಉದ್ದದ ಪಾದರಸದ ಕಂಬವನ್ನೇ ಅಳತೆ ಮಾಡಿಕೊಂಡಿದ್ದ. ಸಮುದ್ರದಡಿಯ ಕೇಬಲ್ ಎಲ್ಲಿ ಕೆಟ್ಟಿದೆ ಎಂದು ದಡದಲ್ಲೇ ಕೂತು ಅಳೆದು ಹೇಳಬೇಕಾದಾಗ ಇದು ದೊಡ್ಡ ಗೋಜಲು. 1861ರಲ್ಲಿ ಕೇಬಲ್ ಎಂಜಿನಿಯರುಗಳಾದ ಲ್ಯಾಟಿಮರ್ ಕ್ಲಾರ್ಕ್ ಮತ್ತು ಚಾರ್ಲ್ಸ್ ಬ್ರೈಟ್ ಮ್ಯಾಂಚೆಸ್ಟರ್‌ನ ವಿಜ್ಞಾನ ಸಭೆಯಲ್ಲಿ ನಾಲ್ಕು ಹೆಸರು ಸೂಚಿಸಿದರು: ಓಮಾ, ಫ್ಯಾರಡ್, ಗ್ಯಾಲ್ವಾಟ್, ವೋಲ್ಟ್. ವಿಜ್ಞಾನಿಗಳ ಹೆಸರನ್ನು ಕತ್ತರಿಸಿ ಮಾಡಿದ ಚಿಕ್ಕ ಪದಗಳು. ಫ್ಯಾರಡೆ ಆಗಿನ್ನೂ ಬದುಕಿದ್ದ.

ತಮಾಷೆ ಎಂದರೆ, ಅವರ ಪಟ್ಟಿಯಲ್ಲಿ ಓಮಾ ಎಂದರೆ ಒತ್ತಡ, ವೋಲ್ಟ್ ಎಂದರೆ ರೋಧ. ಈಗಿನದಕ್ಕೆ ಪೂರ್ತಿ ಉಲ್ಟಾ! ಆಮೇಲೆ ಎರಡೂ ಜಾಗ ಬದಲಿಸಿಕೊಂಡವು. ಗ್ಯಾಲ್ವಾಟ್ ಮಾತ್ರ ಉಳಿಯಲೇ ಇಲ್ಲ. ಬ್ರಿಟನ್ನಿನಲ್ಲಿ ಕರೆಂಟಿಗೆ ವೆಬರ್ ಎನ್ನುತ್ತಿದ್ದರು, ಜರ್ಮನಿಯ ವಿಜ್ಞಾನಿಯ ಹೆಸರು. 1881ರ ಪ್ಯಾರಿಸ್ ಸಮ್ಮೇಳನ ಅದನ್ನು ಬಿಟ್ಟು ಫ್ರಾನ್ಸಿನ ಆಂಪಿಯರ್‌ನನ್ನು ಕೂರಿಸಿತು.

ಮರುವರ್ಷ ವಿಲಿಯಂ ಸೀಮೆನ್ಸ್ ಇನ್ನೊಂದು ಮಾತೆತ್ತಿದ. ಪಾದರಸದ ಸೀಮೆನ್ಸನ ತಮ್ಮ ಈತ. ವೋಲ್ಟನ್ನು ಆಂಪಿಯರಿಂದ ಗುಣಿಸಿದರೆ ಬರುವ ಶಕ್ತಿಗೆ ಪ್ರತಿ ಸಲ "ವೋಲ್ಟ್-ಆಂಪಿಯರ್" ಅನ್ನುವುದೇಕೆ, ವ್ಯಾಟ್ ಅನ್ನೋಣ ಎಂದ. ಉಗಿಯಂತ್ರದವನಿಗೆ ಕರೆಂಟಿನ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಹೀಗೆ. 1889ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆಯೂ ಬಂತು.

ನ್ಯೂಟನ್ ಇವರೆಲ್ಲರಿಗಿಂತ ಹಳಬ, ಆದರೆ ಅವನ ಸರದಿ ಬಂದದ್ದು 1948ರಲ್ಲಿ. ಬಲ ಅಳೆಯುವವರು ಕಿಲೋ, ಪೌಂಡ್ ಅಂತ ಸುಮ್ನೆ ತೂಕದ ಹೆಸರಿನಲ್ಲೇ ಕಾಲ ಹಾಕಿದ್ದರು ನೋಡಿ. ಒಂದು ನ್ಯೂಟನ್ ಎಂದರೆ ಸುಮಾರು ನೂರು ಗ್ರಾಂ ಬೆಲ್ಲ ಅಂಗೈ ಮೇಲೆ ಒತ್ತುವಷ್ಟು.

ಇಂಗ್ಲಿಷಿನಲ್ಲಿ ಈ ಹೆಸರುಗಳನ್ನು ಪೂರ್ತಿ ಬರೆದರೆ ಮೊದಲ ಅಕ್ಷರ ಚಿಕ್ಕದು, ಸಂಕೇತವಾದರೆ ದೊಡ್ಡದು. ನಮ್ಮ ಲಿಪಿಗೆ ಆ ತಲೆನೋವಿಲ್ಲ, ಅಲ್ವಾ?

ಹುಡುಗಿಯ ಮುಂದಿನ ಪ್ರಶ್ನೆ: "ಹಾಗಾದರೆ ಒಂದು ಗಂಟೆ ಓಡಿದರೆ ಬಿಲ್ಲಿನಲ್ಲಿ 3.7 ಯೂನಿಟ್ಟಾ?" ಪೂರ್ತಿ ಲೋಡಿನಲ್ಲಿ ಓಡಿದರೆ ಅದಕ್ಕಿಂತ ಜಾಸ್ತಿ. ತಗಡಿನಲ್ಲಿರುವುದು ಮೋಟಾರಿನ ದಂಡ ಹೊರಗೆ ಕೊಡುವ ಶಕ್ತಿ. ಮೋಟಾರು ಬಿಸಿಯಾಗಿ ಕಳೆದದ್ದನ್ನೂ ಮೀಟರು ಎಣಿಸುತ್ತದೆ. ಆ "ಯೂನಿಟ್", ಅಂದರೆ ಕಿಲೋವ್ಯಾಟ್-ಗಂಟೆಗೆ, ವ್ಯಾಟ್‌ನದು ಬಿಟ್ಟರೆ ಬೇರೆ ಯಾರ ಹೆಸರೂ ಅಂಟಿಕೊಂಡಿಲ್ಲ.