ಒಂದೇ ಕಾರ್ಡಿನಿಂದ ಹತ್ತಾರು ಸಣ್ಣ ಆರ್ಡರು: ಅನುಮಾನದ ಗೆರೆಯನ್ನು ಎಲ್ಲಿ ಎಳೆಯಬೇಕು?

ಕದ್ದ ಕಾರ್ಡು ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತಿಳಿಯಲು ವಂಚಕರು ಮೊದಲು ಸಣ್ಣ ಮೊತ್ತದ ಆರ್ಡರುಗಳನ್ನು ಹಾಕುತ್ತಾರೆ. ಹೆಚ್ಚುವರಿ ದೃಢೀಕರಣ ಕೇಳುವ ಮೊತ್ತಕ್ಕಿಂತ ಕೆಳಗೇ ಉಳಿಯುವ ಉದ್ದೇಶದಿಂದ ದೊಡ್ಡ ಖರೀದಿಯೊಂದನ್ನು ಚೂರುಚೂರಾಗಿ ಒಡೆಯುವವರೂ ಇದ್ದಾರೆ. ಎರಡೂ ಸಂದರ್ಭಗಳಲ್ಲಿ ಉಳಿಯುವ ಗುರುತು ಒಂದೇ: ಒಂದು ಕಾರ್ಡಿನ ಹೆಸರಿನಲ್ಲಿ, ಕಡಿಮೆ ಅವಧಿಯಲ್ಲಿ, ಅಸಹಜವೆನಿಸುವಷ್ಟು ಆರ್ಡರುಗಳು. ಆದರೆ ಎಷ್ಟಾದರೆ ಅಸಹಜ ಎಂಬುದನ್ನು ಊಹೆಯಿಂದ ನಿರ್ಧರಿಸಬಾರದು.

ಲೆಕ್ಕ ಹಿಡಿಯುವಾಗ ಕಾರ್ಡಿನ ಸಂಖ್ಯೆಯ ಅಗತ್ಯವಿಲ್ಲ. ಪಾವತಿ ಸಂಸ್ಥೆ ಪ್ರತಿ ಕಾರ್ಡಿಗೂ ಅದರ ಸಂಖ್ಯೆಯ ಬದಲಿಗೆ ನೀಡುವ ಟೋಕನ್ ಎಂಬ ಗುರುತು ಸಾಕು. ಯಶಸ್ವಿಯಾದ ಆರ್ಡರುಗಳನ್ನಷ್ಟೇ ಅಲ್ಲದೆ ತಿರಸ್ಕೃತವಾದ ಪ್ರಯತ್ನಗಳನ್ನೂ ಎಣಿಸಬೇಕು, ಏಕೆಂದರೆ ಕಾರ್ಡು ಪರೀಕ್ಷಿಸುವವರ ಬಹುಪಾಲು ಸುಳಿವು ಅಲ್ಲಿಯೇ ಇರುತ್ತದೆ. ಎಣಿಕೆಯ ಅವಧಿ ಗಡಿಯಾರದ ಗಂಟೆಗೆ ಕಟ್ಟುಬಿದ್ದಿರಬಾರದು. ಹಾಗಿದ್ದರೆ 10 ಗಂಟೆಯ ಆಚೀಚೆ ಹಬ್ಬಿದ 14 ಆರ್ಡರುಗಳು ಏಳು ಮತ್ತು ಏಳಾಗಿ ಒಡೆದು ಸಾಧಾರಣವಾಗಿ ಕಾಣಿಸುತ್ತವೆ. ಪ್ರತಿ ಆರ್ಡರು ಬಂದಾಗಲೂ ಅದಕ್ಕೆ ಹಿಂದಿನ 60 ನಿಮಿಷಗಳನ್ನು ಮತ್ತು ಹಿಂದಿನ 24 ಗಂಟೆಗಳನ್ನು ನೋಡುವುದು ಸರಿಯಾದ ಕ್ರಮ.

ಬಹಳ ಮಂದಿ ಮೊದಲು ಕೈಹಾಕುವುದು ಸರಾಸರಿಗೆ, ಅಂಕಿಗಳು ಅದರಿಂದ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆಯ ಮೂರರಷ್ಟನ್ನು ಕೂಡಿಸಿ ಮಿತಿ ಕಟ್ಟುವ ವಿಧಾನಕ್ಕೆ. ಇಲ್ಲಿ ಅದು ಕೈಕೊಡುತ್ತದೆ. ಹತ್ತು ಕಾರ್ಡುಗಳಲ್ಲಿ ಎಂಟು ಒಂದೊಂದು ಆರ್ಡರು, ಒಂದು ಎರಡು ಆರ್ಡರು, ಕೊನೆಯದು 40 ಆರ್ಡರು ಹಾಕಿವೆ ಎನ್ನೋಣ. ಸರಾಸರಿ 5, ಮಾನಕ ವಿಚಲನೆ ಸುಮಾರು 12.3, ಆದ್ದರಿಂದ ಮಿತಿ ಸುಮಾರು 42. ಕಣ್ಣಿಗೆ ಹೊಡೆಯುವ 40 ಅದರ ಕೆಳಗೆ ಸಲೀಸಾಗಿ ನುಸುಳಿಕೊಳ್ಳುತ್ತದೆ. ಆ 40ನ್ನು 4,000 ಮಾಡಿದರೂ ಫಲಿತಾಂಶ ಬದಲಾಗದು, ಏಕೆಂದರೆ ವಿಪರೀತ ಎಣಿಕೆಯು ತನ್ನನ್ನು ಅಳೆಯಬೇಕಾದ ಅಳತೆಗೋಲನ್ನೇ ಹಿಗ್ಗಿಸುತ್ತದೆ. ಪುಸ್ತಕಗಳು ಇದಕ್ಕೆ, ಏರಿಕೆಯ ಕ್ರಮದಲ್ಲಿಟ್ಟ ಅಂಕಿಗಳ ನಟ್ಟನಡುವಿನದಾದ ಮಧ್ಯಾಂಕವನ್ನೂ ಅದರಿಂದ ಇರುವ ವಿಚಲನೆಗಳ ಮಧ್ಯಾಂಕವನ್ನೂ ಬಳಸಲು ಹೇಳುತ್ತವೆ. ಮೊತ್ತಗಳಿಗೆ ಅದು ಒಳ್ಳೆಯ ಸಲಹೆಯೇ, ಆದರೆ ಆರ್ಡರುಗಳ ಎಣಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಡುಗಳು ಒಂದೇ ಆರ್ಡರಿಗೆ ನಿಲ್ಲುವುದರಿಂದ ಆ ಎರಡನೆಯ ಮಧ್ಯಾಂಕ ಸೊನ್ನೆಯಾಗಿ, ಎರಡು ಆರ್ಡರು ಹಾಕಿದ ಪ್ರತಿಯೊಬ್ಬರೂ ಅನುಮಾನಾಸ್ಪದರಾಗುತ್ತಾರೆ.

ಹಾಗಾದರೆ ಆಕಸ್ಮಿಕವಾಗಿ ಎಷ್ಟು ಆಗಬಹುದು ಎಂದೇ ಕೇಳಬೇಕು. 20,000 ಕಾರ್ಡುಗಳಿಂದ ದಿನಕ್ಕೆ ಒಟ್ಟು 4,000 ಆರ್ಡರುಗಳು ಬರುತ್ತವೆ ಎಂದರೆ, ಒಂದು ಕಾರ್ಡಿಗೆ ಸರಾಸರಿ 0.2. ಇಂಥ ಆಕಸ್ಮಿಕಗಳ ಸಾಧ್ಯತೆಯನ್ನು ಲೆಕ್ಕ ಹಾಕುವ ಪ್ವಾಸಾನ್ ಸೂತ್ರದ ಪ್ರಕಾರ, ಕೇವಲ ಆಕಸ್ಮಿಕವಾಗಿ ನಾಲ್ಕು ಅಥವಾ ಹೆಚ್ಚು ಆರ್ಡರು ಹಾಕುವ ಕಾರ್ಡು ದಿನಕ್ಕೆ ಸುಮಾರು ಒಂದು ಸಿಗುತ್ತದೆ. ಆರು ಅಥವಾ ಹೆಚ್ಚು ಹಾಕುವುದು ಎರಡು ವರ್ಷಕ್ಕೆ ಹೆಚ್ಚುಕಡಿಮೆ ಒಂದು. ಆದರೆ ಈ ಸೂತ್ರ ಎಲ್ಲ ಗ್ರಾಹಕರೂ ಒಂದೇ ತೆರನಾದವರು ಎಂದು ನಂಬುತ್ತದೆ, ನಿಜದಲ್ಲಿ ಪದೇ ಪದೇ ಕೊಳ್ಳುವವರು ಇದ್ದೇ ಇರುತ್ತಾರೆ. ಮಾನಕ ವಿಚಲನೆಯ ವರ್ಗವು ಸರಾಸರಿಗಿಂತ ಬಹಳ ದೊಡ್ಡದಾಗಿ ಬಂದರೆ ಸೂತ್ರವನ್ನು ಬದಿಗಿಟ್ಟು, ಕಳೆದ 90 ದಿನಗಳ ದಾಖಲೆಯಿಂದ 99.9ನೇ ಪರ್ಸೆಂಟೈಲನ್ನು, ಅಂದರೆ ಸಾವಿರಕ್ಕೆ ಒಂದು ಕಾರ್ಡು ಮಾತ್ರ ದಾಟುವ ಎಣಿಕೆಯನ್ನು, ತೆಗೆಯುವುದು ಲೇಸು. ದಿನಕ್ಕೆ 3,500 ಕಾರ್ಡುಗಳು ಬಳಕೆಯಾಗುತ್ತಿದ್ದರೆ ಆ ಮಿತಿಯನ್ನು ದಾಟುವುದು ಮೂರ್ನಾಲ್ಕು ಮಾತ್ರ. ಒಬ್ಬರು ಕೂತು ಪರಿಶೀಲಿಸಬಹುದಾದಷ್ಟು ಕೆಲಸ. ಮಿತಿ ಎಂಬುದು ಕೊನೆಗೂ ಪರಿಶೀಲಿಸುವ ಕೈಗಳ ಲೆಕ್ಕವೂ ಹೌದು.

ಮಿತಿ ಆರು ಎಂದು ನಿಂತಿದ್ದಾಗ ಎರಡು ಕಾರ್ಡುಗಳು ಅದನ್ನು ದಾಟಿದವು ಎಂದುಕೊಳ್ಳೋಣ. ಮೊದಲನೆಯದು ಒಂದು ದಿನದಲ್ಲಿ ಒಂಬತ್ತು ಆರ್ಡರು ಹಾಕಿದೆ. ಮೊತ್ತಗಳು ಅಂಗಡಿಯ ಮಧ್ಯಾಂಕದ ಆಸುಪಾಸಿನಲ್ಲಿವೆ, ವಿಳಾಸಗಳು ಬೇರೆ ಬೇರೆ, ನಡುವಿನ ಬಿಡುವು ಒಮ್ಮೆ ಎರಡು ನಿಮಿಷವಾದರೆ ಇನ್ನೊಮ್ಮೆ ಮೂರು ಗಂಟೆ. ಇದು ಉಡುಗೊರೆ ಕಳಿಸುತ್ತಿರುವ ಕಚೇರಿಯೋ ದೊಡ್ಡ ಕುಟುಂಬವೋ ಇರಬಹುದು. ಎರಡನೆಯದು 52 ನಿಮಿಷಗಳಲ್ಲಿ 14 ಪ್ರಯತ್ನ ಮಾಡಿದೆ, ಮೂರು ತಿರಸ್ಕೃತವಾಗಿವೆ, ಮೊತ್ತ ಪ್ರತಿ ಬಾರಿಯೂ ಮಧ್ಯಾಂಕದ ಹತ್ತನೇ ಒಂದು ಭಾಗ, ಮತ್ತು ಹದಿಮೂರು ಬಿಡುವುಗಳೂ ಮೂರೂವರೆಯಿಂದ ನಾಲ್ಕೂವರೆ ನಿಮಿಷಗಳೊಳಗೇ ಇವೆ. ಮನುಷ್ಯರ ಬಿಡುವು ಇಷ್ಟು ಒಂದೇ ಸಮನಾಗಿರುವುದು ಅಪರೂಪ; ಇದರ ಹಿಂದೆ ಪ್ರೋಗ್ರಾಮ್ ಇದೆ ಎಂದು ಅನುಮಾನಿಸಲು ನನಗೆ ಎಣಿಕೆಗಿಂತ ಈ ಸಮತೆಯೇ ಬಲವಾದ ಕಾರಣ. ಹಾಗಿದ್ದರೂ ಕೆಲವು ಸೆಕೆಂಡುಗಳ ಅಂತರದಲ್ಲಿ ಬಂದ ಒಂದೇ ಮೊತ್ತದ ಎರಡು ಮೂರು ಆರ್ಡರುಗಳನ್ನು ಮೊದಲೇ ಒಂದಾಗಿ ಸೇರಿಸಿಬಿಡಬೇಕು, ಏಕೆಂದರೆ ಪುಟ ನಿಧಾನವಾದಾಗ ಗ್ರಾಹಕರು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ.

ಎರಡನೆಯ ಕಾರ್ಡಿನ ಆರ್ಡರುಗಳನ್ನು ರವಾನೆಗೆ ಮುನ್ನ ತಡೆಹಿಡಿದು ದೃಢೀಕರಣ ಕೇಳಬೇಕು. ಅಂಕಿಗಳ ಬಲದ ಮೇಲಷ್ಟೇ ಗ್ರಾಹಕರ ಖಾತೆಯನ್ನು ಮುಚ್ಚುವುದು ಅತಿಯಾಯಿತು. ದಿನಕ್ಕೆ ಎರಡೇ ಆರ್ಡರು ಹಾಕುತ್ತಾ ವಾರಗಟ್ಟಲೆ ನಡೆಯುವ ವಂಚನೆ ಈ ಬಲೆಗೆ ಬೀಳುವುದಿಲ್ಲ, ಅದಕ್ಕೆ 30 ದಿನಗಳ ಎಣಿಕೆ ಬೇರೆಯಾಗಿಯೇ ಬೇಕು. ಪ್ರತಿ ಪ್ರಯತ್ನಕ್ಕೂ ಹೊಸ ಕಾರ್ಡು ಬಳಸುವವರ ವಿಷಯದಲ್ಲಿ ಕಾರ್ಡುವಾರು ಎಣಿಕೆ ಒಂದನ್ನು ದಾಟುವುದೇ ಇಲ್ಲ. ಅಲ್ಲಿ ಇದೇ ಲೆಕ್ಕವನ್ನು ತಲೆಕೆಳಗು ಮಾಡಿ, ಒಂದೇ ಸಾಧನದಿಂದ ಅಥವಾ ಒಂದೇ ವಿಳಾಸಕ್ಕೆ ಎಷ್ಟು ಕಾರ್ಡುಗಳು ಬಂದವು ಎಂದು ಎಣಿಸಬೇಕಾಗುತ್ತದೆ.