ಹಾಲು ‘ಸ್ವಲ್ಪ ಇದೆ’ಯೋ, ‘ಇರೋದೇ ಸ್ವಲ್ಪ’ವೋ?

ಓದುಗರ ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಮೊಬೈಲ್‌ನಲ್ಲಿ ಒಂದು ಕ್ವಿಜ್ ಮಾಡುವಾಗ ಈ ವಾಕ್ಯ ಬಂತು: ‘ದೇರ್ ಈಸ್ ____ ಮಿಲ್ಕ್ ಇನ್ ದ ಫ್ರಿಜ್, ಸೋ ವಿ ಕಾಂಟ್ ಮೇಕ್ ಕಾಫಿ.’ ನಾನು ‘ಎ ಲಿಟಲ್’ ಒತ್ತಿದೆ, ತಪ್ಪು ಅಂತ ಕೆಂಪಗೆ ಬಂತು. ಸರಿ ಉತ್ತರ ‘ಲಿಟಲ್’ ಅಂತೆ. ಎರಡಕ್ಕೂ ಅರ್ಥ ‘ಸ್ವಲ್ಪ’ ತಾನೇ? ಮುಂದಿನ ಪ್ರಶ್ನೆಯಲ್ಲಿ ಫರ್ನಿಚರ್‌ಗೆ ‘ಮೆನಿ’ ಹಾಕಿದೆ, ಅದೂ ತಪ್ಪು. ಕುರ್ಚಿ ಮೇಜುಗಳನ್ನು ಎಣಿಸೋಕೆ ಆಗಲ್ವಾ?

ಉತ್ತರ: ಎಣಿಸಬಹುದು. ಆದರೂ ‘ಮೆನಿ’ ತಪ್ಪೇ. ಅದಕ್ಕೆ ಆಮೇಲೆ ಬರೋಣ, ಮೊದಲು ಹಾಲಿನ ವಿಷಯ ಮುಗಿಸೋಣ.

ನಿಘಂಟು ನೋಡಿದರೆ ನಿಮ್ಮ ಮಾತು ಸರಿ. ‘ಲಿಟಲ್’ ಅಂದರೂ ಸ್ವಲ್ಪ, ‘ಎ ಲಿಟಲ್’ ಅಂದರೂ ಸ್ವಲ್ಪ. ‘ಫ್ಯೂ’, ‘ಎ ಫ್ಯೂ’ ಎರಡಕ್ಕೂ ‘ಕೆಲವು’ ಎಂದು ಕೊಟ್ಟಿರುತ್ತಾರೆ. ಆದರೆ ಮನೆಯಲ್ಲಿ ನಾವು ಆಡುವ ಮಾತನ್ನು ಕೇಳಿಸಿಕೊಳ್ಳಿ. ನೆಂಟರು ಬಂದಾಗ ಅಡುಗೆಮನೆಯಿಂದ “ಹಾಲು ಸ್ವಲ್ಪ ಇದೆ” ಅಂತ ಕೂಗಿದರೆ ಕಾಫಿ ಬರುತ್ತದೆ. “ಇರೋದೇ ಸ್ವಲ್ಪ ಹಾಲು” ಅಂದರೆ ಯಾರೋ ಒಬ್ಬರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಡುತ್ತಾರೆ. ಪಾತ್ರೆಯಲ್ಲಿರುವ ಹಾಲು ಎರಡೂ ಸಲ ಅಷ್ಟೇ, ಕಾಲು ಲೀಟರ್ ಎಂದಿಟ್ಟುಕೊಳ್ಳಿ. ಬದಲಾದದ್ದು ಹೇಳುವವರ ಮನಸ್ಸು. ‘ಸ್ವಲ್ಪ ಇದೆ’ ಎನ್ನುವವರು ಇರುವುದನ್ನು ತೋರಿಸುತ್ತಿದ್ದಾರೆ, ‘ಇರೋದೇ ಸ್ವಲ್ಪ’ ಎನ್ನುವವರು ಸಾಲದ್ದನ್ನು ತೋರಿಸುತ್ತಿದ್ದಾರೆ. ನಾವು ‘ಏ’ ಎಂಬ ಒಂದು ಒತ್ತಿನಿಂದ ಮಾಡುವ ಕೆಲಸವನ್ನು ಇಂಗ್ಲಿಷ್ ‘ಎ’ ಎಂಬ ಪುಟ್ಟ ಪದವನ್ನು ಇಟ್ಟೋ ಕಿತ್ತೋ ಮಾಡುತ್ತದೆ. ಎ ಇದ್ದರೆ ‘ಸ್ವಲ್ಪ ಇದೆ’, ಎ ಇಲ್ಲದಿದ್ದರೆ ‘ಇರೋದೇ ಸ್ವಲ್ಪ’.

ಹಾಗಾಗಿ ಇಲ್ಲಿ ಪ್ರಮಾಣ ಎಷ್ಟು ಎಂದು ಯೋಚಿಸಿದರೆ ದಾರಿ ತಪ್ಪುತ್ತೀರಿ. ‘ಎ ಲಿಟಲ್’ ಎಂದರೆ ಜಾಸ್ತಿ, ‘ಲಿಟಲ್’ ಎಂದರೆ ಕಡಿಮೆ ಎಂದು ಕೆಲವು ಕೋಚಿಂಗ್ ನೋಟ್ಸ್‌ಗಳಲ್ಲಿ ಬರೆದಿರುವುದನ್ನು ಕಂಡಿದ್ದೇನೆ. ಅದು ಅರ್ಧ ಸತ್ಯ. ನಿಜವಾಗಿ ‘ಫ್ಯೂ’ ಮತ್ತು ‘ಲಿಟಲ್’ ವೇಷ ಮರೆಸಿಕೊಂಡ ‘ಇಲ್ಲ’ಗಳು. ಇದಕ್ಕೆ ವ್ಯಾಕರಣದೊಳಗೇ ಸಾಕ್ಷಿ ಇದೆ. ವಾಕ್ಯದ ಕೊನೆಗೆ ‘ಅಲ್ವಾ?’ ಎಂದು ಸೇರಿಸುವ ಕ್ವೆಶ್ಚನ್ ಟ್ಯಾಗ್ ನಿಮಗೆ ಗೊತ್ತಿರುತ್ತದೆ. ವಾಕ್ಯದಲ್ಲಿ ‘ಹೌದು’ ಇದ್ದರೆ ಟ್ಯಾಗ್‌ನಲ್ಲಿ ‘ನಾಟ್’ ಬರುತ್ತದೆ, ವಾಕ್ಯದಲ್ಲಿ ‘ಇಲ್ಲ’ ಇದ್ದರೆ ಟ್ಯಾಗ್‌ನಲ್ಲಿ ಬರುವುದಿಲ್ಲ. ಈಗ ನೋಡಿ: ‘ಎ ಫ್ಯೂ ಪೀಪಲ್ ಕೇಮ್, ಡಿಡಂಟ್ ದೇ?’ ಆದರೆ ‘ಫ್ಯೂ ಪೀಪಲ್ ಕೇಮ್, ಡಿಡ್ ದೇ?’ ಎರಡನೆಯ ವಾಕ್ಯದಲ್ಲಿ ಎಲ್ಲೂ ‘ನಾಟ್’ ಕಾಣದಿದ್ದರೂ ಇಂಗ್ಲಿಷ್ ಅದನ್ನು ನಕಾರ ಎಂದೇ ಲೆಕ್ಕ ಹಾಕಿದೆ. ಟ್ಯಾಗ್ ಪ್ರಶ್ನೆ ತೆಗೆಯುವವರಿಗೂ ಇದು ಮೆಚ್ಚಿನ ಜಾಗ.

ನಿಮ್ಮ ಹಾಲಿನ ವಾಕ್ಯಕ್ಕೆ ಬನ್ನಿ. ‘ಸೋ ವಿ ಕಾಂಟ್ ಮೇಕ್ ಕಾಫಿ’, ಹಾಗಾಗಿ ಕಾಫಿ ಮಾಡೋಕಾಗಲ್ಲ. ಫಲ ‘ಆಗಲ್ಲ’ ಎಂದು ಬಂದಿರುವಾಗ ಕಾರಣವೂ ‘ಇಲ್ಲ’ದ ಕಡೆಯದೇ ಇರಬೇಕು, ಆದ್ದರಿಂದ ‘ಲಿಟಲ್’. ಅದೇ ವಾಕ್ಯ ‘ಸೋ ವಿ ಕ್ಯಾನ್ ಮೇಕ್ ಕಾಫಿ’ ಎಂದಿದ್ದರೆ ನೀವು ಒತ್ತಿದ ‘ಎ ಲಿಟಲ್’ ಸರಿಯಾಗುತ್ತಿತ್ತು. ‘ಸೋ’ ಬದಲು ‘ಬಟ್’ ಬಂದರೆ ಲೆಕ್ಕ ತಿರುಗುತ್ತದೆ: ‘____ ಮಿಲ್ಕ್, ಬಟ್ ನಾಟ್ ಇನಫ್’ ಎಂದರೆ ಸ್ವಲ್ಪ ಇದೆ ಆದರೆ ಸಾಲದು, ಅಂದರೆ ‘ಎ ಲಿಟಲ್’. ಹೀಗಾಗಿ ಖಾಲಿ ಜಾಗ ತುಂಬುವ ಮೊದಲು ವಾಕ್ಯದ ಬಾಲ ಓದಬೇಕು. ಕ್ವಿಜ್‌ನಲ್ಲಿ ಹತ್ತಿಪ್ಪತ್ತು ಸೆಕೆಂಡು ಮಾತ್ರ ಕೊಟ್ಟಾಗ ನಾವು ಖಾಲಿ ಜಾಗ ಕಂಡ ಕೂಡಲೇ ಒತ್ತಿಬಿಡುತ್ತೇವೆ, ಅಲ್ಲೇ ಎಡವುವುದು.

ಬಾಲವೇ ಇಲ್ಲದ ಪ್ರಶ್ನೆಗಳೂ ಇರುತ್ತವೆ. ‘ಹಿ ಹ್ಯಾಸ್ ____ ಫ್ರೆಂಡ್ಸ್’ ಎಂದಷ್ಟೇ ಕೊಟ್ಟು, ಆಯ್ಕೆಗಳಲ್ಲಿ ‘ಫ್ಯೂ’, ‘ಎ ಫ್ಯೂ’ ಎರಡನ್ನೂ ಇಟ್ಟಿದ್ದರೆ ತಪ್ಪು ನಿಮ್ಮದಲ್ಲ, ಪ್ರಶ್ನೆ ತೆಗೆದವರದು. ಅವನಿಗೆ ನಾಲ್ಕಾರು ಗೆಳೆಯರಿದ್ದಾರೆ ಎಂಬುದೂ ಸರಿ, ಗೆಳೆಯರು ಇಲ್ಲವೆನ್ನುವಷ್ಟು ಕಡಿಮೆ ಎಂಬುದೂ ಸರಿ. ಅಂಥದ್ದರಲ್ಲಿ ಅಂಕ ಹೋದರೆ ಅದನ್ನು ನಿಮ್ಮ ಇಂಗ್ಲಿಷ್‌ನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಇನ್ನು ಫರ್ನಿಚರ್. ಇಲ್ಲಿ ಎಡವಟ್ಟಾಗುವುದಕ್ಕೆ ಕನ್ನಡವೇ ಕಾರಣ ಎಂದು ನನಗನ್ನಿಸುತ್ತದೆ. ನಮ್ಮ ಭಾಷೆ ನಾಮಪದವನ್ನು ಕಂಡಾಗ ಮೊದಲು ಕೇಳುವುದು ‘ಇದು ಮನುಷ್ಯರೋ, ಅಲ್ಲವೋ’ ಎಂದು. ‘ನಾಲ್ಕು ಹುಡುಗರು’ ಎನ್ನಲೇಬೇಕು, ‘ನಾಲ್ಕು ಹುಡುಗ’ ಎಂದರೆ ಕಿವಿಗೆ ಕಚ್ಚುತ್ತದೆ. ಆದರೆ ‘ನಾಲ್ಕು ಕುರ್ಚಿ’, ‘ಹತ್ತು ರೂಪಾಯಿ’ ಎಂದು ಆರಾಮಾಗಿ ಹೇಳುತ್ತೇವೆ, ‘ಗಳು’ ಬೇಕೆಂದಿಲ್ಲ. ‘ಎಷ್ಟು ನೀರು?’, ‘ಎಷ್ಟು ಕುರ್ಚಿ?’ ಎರಡಕ್ಕೂ ಒಂದೇ ‘ಎಷ್ಟು’. ಇಂಗ್ಲಿಷ್ ಕೇಳುವ ಪ್ರಶ್ನೆ ಬೇರೆ: ಈ ಪದಕ್ಕೆ ‘ಒಂದು, ಎರಡು’ ಹತ್ತುತ್ತದೋ ಇಲ್ಲವೋ? ಹತ್ತಿದರೆ ‘ಹೌ ಮೆನಿ’, ಇಲ್ಲದಿದ್ದರೆ ‘ಹೌ ಮಚ್’. ‘ಫ್ಯೂ’ ಮೆನಿಯ ಕಡೆಯದು, ‘ಲಿಟಲ್’ ಮಚ್‌ನ ಕಡೆಯದು. ನಮ್ಮ ‘ಎಷ್ಟು’ ಅಲ್ಲಿ ಎರಡು ಹೋಳಾಗುತ್ತದೆ.

ಎಣಿಸಬೇಕಾದ್ದು ವಸ್ತುವನ್ನಲ್ಲ, ಪದವನ್ನು. ಕುರ್ಚಿ ಎಣಿಸಬಹುದು, ‘ಚೇರ್’ ಎಂಬ ಪದವೂ ಎಣಿಕೆಗೆ ಸಿಗುತ್ತದೆ. ಆದರೆ ‘ಫರ್ನಿಚರ್’ ಎಂಬ ಪದ ಮನೆಯ ಮರಮುಟ್ಟನ್ನೆಲ್ಲ ಒಂದು ರಾಶಿ ಮಾಡಿ ಹೇಳುವಂಥದು, ‘ಒನ್ ಫರ್ನಿಚರ್, ಟೂ ಫರ್ನಿಚರ್ಸ್’ ಎಂದು ಬಿಡಿಸಲು ಬಿಡುವುದಿಲ್ಲ. ಹಣದ ಕತೆಯೂ ಅಷ್ಟೇ. ಹಣ ಎಣಿಸದೆ ಬ್ಯಾಂಕಿನ ಕೆಲಸ ನಡೆಯುತ್ತದೆಯೇ? ಆದರೆ ಎಣಿಸುವುದು ರೂಪಾಯಿಯನ್ನು, ನೋಟನ್ನು. ‘ಟೆನ್ ರುಪೀಸ್’ ಇದೆ, ‘ಟೆನ್ ಮನಿ’ ಇಲ್ಲ. ಆದ್ದರಿಂದ ‘ಹೌ ಮೆನಿ ರುಪೀಸ್’, ‘ಹೌ ಮಚ್ ಮನಿ’.

ಇದರಲ್ಲಿ ತರ್ಕ ಹುಡುಕಿ ಸುಸ್ತಾಗಬೇಡಿ. ಅಕ್ಕಿ ಕಾಳೂ ಸಣ್ಣದು, ಗೋಧಿ ಕಾಳೂ ಸಣ್ಣದು. ‘ರೈಸ್’, ‘ವೀಟ್’ ಎರಡೂ ಎಣಿಕೆಗೆ ಸಿಗದ ಪದಗಳು. ಅವುಗಳ ಪಕ್ಕದಲ್ಲೇ ಡಬ್ಬಿಯಲ್ಲಿರುವ ‘ಓಟ್ಸ್’ ಮಾತ್ರ ಬಹುವಚನ! ಬಟಾಣಿಯದಂತೂ ಇನ್ನೂ ಸ್ವಾರಸ್ಯ. ಹಳೆಯ ಇಂಗ್ಲಿಷ್‌ನಲ್ಲಿ ಅದಕ್ಕೆ ‘ಪೀಸ್’ ಎಂಬ ಪದವಿತ್ತು, ಅಕ್ಕಿಯ ಹಾಗೆ ರಾಶಿಗೂ ಅದನ್ನೇ ಬಳಸುತ್ತಿದ್ದರು. ಕೊನೆಯ ‘ಸ್’ ಸದ್ದು ಬಹುವಚನದ್ದಿರಬೇಕು ಎಂದು ಜನ ತಿಳಿದು, ಅದನ್ನು ಕಿತ್ತು ‘ಪೀ’ ಎಂಬ ಏಕವಚನವನ್ನು ತಾವೇ ಹುಟ್ಟಿಸಿಕೊಂಡರು. ಇವತ್ತು ಅದು ಎಣಿಸುವ ಪದ: ‘ಎ ಫ್ಯೂ ಪೀಸ್’, ಆದರೆ ‘ಎ ಲಿಟಲ್ ರೈಸ್’. ಅಂದರೆ ಇಂಗ್ಲಿಷಿನವರೂ ಇದನ್ನು ಪದಪದವಾಗಿ ಬಾಯಿಪಾಠ ಮಾಡಿಯೇ ಕಲಿತಿರುವುದು.

ಬಾಯಿಪಾಠಕ್ಕೆ ದೊಡ್ಡ ಪಟ್ಟಿ ಬೇಕಾಗಿಲ್ಲ. ಕನ್ನಡದಲ್ಲಿ ನಾವು ಸಲೀಸಾಗಿ ‘ಗಳು’ ಹಚ್ಚುವ, ಇಂಗ್ಲಿಷ್ ಹಚ್ಚಗೊಡದ ಪದಗಳೇ ಕ್ವಿಜ್‌ನಲ್ಲಿ ಬರುವುದು. ಮಾಹಿತಿಗಳು, ಸಲಹೆಗಳು, ಸುದ್ದಿಗಳು, ಉಪಕರಣಗಳು, ಲಗೇಜುಗಳು ಎನ್ನುತ್ತೇವಲ್ಲ, ಅದೇ ರೂಢಿಯಲ್ಲಿ ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’, ‘ಇಕ್ವಿಪ್‌ಮೆಂಟ್ಸ್’ ಎಂದು ಬರೆದುಬಿಡುತ್ತೇವೆ. ಇವೆಲ್ಲಕ್ಕೂ ಮಚ್, ಲಿಟಲ್, ಎ ಲಿಟಲ್. ‘ನ್ಯೂಸ್’ ತನ್ನ ಕೊನೆಯ ‘ಸ್’ನಿಂದ ಮೋಸ ಮಾಡುತ್ತದೆ, ಅದೂ ಎಣಿಕೆಗೆ ಸಿಗದು. ‘ಪೀಪಲ್’ ಅದರ ತದ್ವಿರುದ್ಧ, ‘ಸ್’ ಇಲ್ಲದೆಯೂ ಬಹುವಚನ, ಆದ್ದರಿಂದ ‘ಮೆನಿ ಪೀಪಲ್’, ‘ಫ್ಯೂ ಪೀಪಲ್’.

ಸ್ವಲ್ಪ ಚೆನ್ನಾಗಿ ಹೆಣೆದ ಬಲೆಯೊಂದನ್ನು ಬಿಡಿಸಿ ನೋಡೋಣ. ‘ಶೀ ಕ್ಯಾರೀಡ್ ಸೋ ____ ಪೀಸಸ್ ಆಫ್ ಲಗೇಜ್ ದಟ್ ದೇರ್ ವಾಸ್ ____ ರೂಮ್ ಇನ್ ದ ಆಟೋ.’ ಮೊದಲ ಜಾಗ ನೋಡಿ ‘ಲಗೇಜ್ ಎಣಿಕೆಗೆ ಸಿಗಲ್ಲ, ಮಚ್’ ಎನ್ನುವವರು ಪಾಠವನ್ನು ಓದಿದವರೇ, ಆದರೂ ಬಿದ್ದರು. ಖಾಲಿ ಜಾಗಕ್ಕೆ ಅಂಟಿಕೊಂಡಿರುವ ಪದ ಲಗೇಜ್ ಅಲ್ಲ, ‘ಪೀಸಸ್’. ಸಾಮಾನಿನ ಆ ‘ನಗ’ಗಳನ್ನು ಎಣಿಸಬಹುದು, ಆದ್ದರಿಂದ ‘ಮೆನಿ’. ಲೀಟರ್, ಕಪ್, ಚೀಲ, ಕೆಜಿ ಬಂದಾಗಲೂ ಹೀಗೆಯೇ, ‘ಹೌ ಮಚ್ ಮಿಲ್ಕ್’ ಆದರೆ ‘ಹೌ ಮೆನಿ ಲೀಟರ್ಸ್ ಆಫ್ ಮಿಲ್ಕ್’. ಎರಡನೆಯ ಜಾಗದ ‘ರೂಮ್’ ಕೋಣೆಯಲ್ಲ. ಆಟೋದಲ್ಲಿ ಕೋಣೆ ಎಲ್ಲಿಂದ ಬಂತು? ಅದು ‘ಜಾಗ’, ಮತ್ತು ಜಾಗ ಎಂಬರ್ಥದಲ್ಲಿ ಆ ಪದ ಎಣಿಕೆಗೆ ಸಿಗದು. ಹಾಗಾಗಿ ‘ಫ್ಯೂ’ಗಳೆರಡೂ ಹೊರಗೆ. ಉಳಿದ ಎರಡರಲ್ಲಿ, ಅಷ್ಟೊಂದು ಸಾಮಾನು ತುಂಬಿದ ಮೇಲೆ ‘ಇರೋದೇ ಸ್ವಲ್ಪ’ ಜಾಗ, ಅಂದರೆ ‘ಲಿಟಲ್’. ಮೊದಲು ಪದ, ಆಮೇಲೆ ಮನಸ್ಸು. ಈ ಕ್ರಮ ತಿರುಗಿಸಿದರೆ ಗೊಂದಲವಾಗುತ್ತದೆ.

ರೂಮಿನಂತೆ ಎರಡು ವೇಷದ ಪದಗಳು ಇನ್ನೂ ಇವೆ. ‘ಮಚ್ ಎಕ್ಸ್‌ಪೀರಿಯನ್ಸ್’ ಎಂದರೆ ಕೆಲಸದ ಅನುಭವ, ‘ಮೆನಿ ಎಕ್ಸ್‌ಪೀರಿಯನ್ಸಸ್’ ಎಂದರೆ ಬದುಕಿನಲ್ಲಿ ಕಂಡುಂಡ ಪ್ರಸಂಗಗಳು. ತಲೆಗೂದಲೆಲ್ಲ ಸೇರಿ ‘ಹೇರ್’, ಬಾಚಣಿಗೆಯಲ್ಲಿ ಸಿಕ್ಕ ನಾಲ್ಕು ಬಿಳಿ ಎಳೆಗಳು ‘ಎ ಫ್ಯೂ ಗ್ರೇ ಹೇರ್ಸ್’.

ಇಷ್ಟು ಕಲಿತ ಮೇಲೂ ‘ಎ’ ನಿಮ್ಮ ಕೈಗೆ ಸಿಗದೆ ಆಟವಾಡುವ ಎರಡು ಜಾಗಗಳಿವೆ. ‘ಓನ್ಲಿ’ ಬಂದರೆ ಅರ್ಥ ‘ಇರೋದೇ ಸ್ವಲ್ಪ’ದ ಕಡೆಗೆ ವಾಲಿದರೂ ‘ಎ’ ಬೇಕೇ ಬೇಕು: ‘ಓನ್ಲಿ ಎ ಫ್ಯೂ’, ‘ಓನ್ಲಿ ಎ ಲಿಟಲ್’. ಕಡಿಮೆ ಎಂದು ಹೇಳುವ ಕೆಲಸವನ್ನು ಓನ್ಲಿಯೇ ವಹಿಸಿಕೊಂಡಿರುತ್ತದೆ. ‘ವೆರಿ’ ಬಂದರೆ ಸಾಮಾನ್ಯವಾಗಿ ‘ಎ’ ಇರುವುದಿಲ್ಲ: ‘ವೆರಿ ಫ್ಯೂ’, ‘ವೆರಿ ಲಿಟಲ್’.

ಇನ್ನೊಂದು, ‘ಕ್ವೈಟ್ ಎ ಫ್ಯೂ’. ‘ಕ್ವೈಟ್ ಎ ಫ್ಯೂ ಪೀಪಲ್ ಕೇಮ್’ ಎಂಬ ವಾಕ್ಯ ಕೊಟ್ಟು ಅರ್ಥ ಕೇಳಿದರೆ, ‘ಬಹಳ ಕಡಿಮೆ ಜನ’ ಎಂಬ ಆಯ್ಕೆ ಎದುರಿಗೇ ಕೂತು ಕರೆಯುತ್ತಿರುತ್ತದೆ. ಒತ್ತಬೇಡಿ. ಮದುವೆಯಿಂದ ಮರಳಿದವರನ್ನು ಜನ ಹೇಗೆ ಬಂದಿದ್ದರು ಎಂದು ಕೇಳಿದಾಗ “ಸುಮಾರು ಜನ ಬಂದಿದ್ರು” ಎನ್ನುತ್ತಾರಲ್ಲ, ಆ ‘ಸುಮಾರು’ ಅದು.